ಟೀಚರ್ ಒಪ್ಪಿಸಿದ ಪಾಠ

"ಮಾಷ್ಟ್ರೇ, ಪರೀಕ್ಷೆಗೆ ಇನ್ನು ನಾಲ್ಕು ವಾರ ಉಂಟು. ದಿನಕ್ಕೆ ಒಂದು ಗಂಟೆ ಸಿಕ್ಕಿದರೆ ದೊಡ್ಡದು. ಎಂತ ಓದುದು, ಎಂತ ಬಿಡುದು?"

ಕೇಳಿದವರು ನಮ್ಮ ರಾಮಕುಂಜದ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಸಮಾಜ ಟೀಚರ್. ವಯಸ್ಸು ನಲವತ್ತೈದು ದಾಟಿದೆ, ಇಪ್ಪತ್ತು ವರ್ಷ ಪಾಠ ಮಾಡಿದ್ದಾರೆ. ಕೈಯಲ್ಲಿದ್ದ ತೊಟ್ಟೆಯೊಳಗೆ ಏಳುನೂರು ಪುಟದ ಗೈಡು. ಅದರ ಅರ್ಧದಷ್ಟು ಪುಟಗಳಲ್ಲಿ ಹಳದಿ ಗೆರೆ ಎಳೆದಾಗಿತ್ತು.

ಅವರು ಬರೆಯಬೇಕಾದದ್ದು ಶಿಕ್ಷಕರ ಅರ್ಹತಾ ಪರೀಕ್ಷೆ, ಎಲ್ಲರ ಬಾಯಲ್ಲಿ ಟಿಇಟಿ. ಕೆಲಸ ಸಿಕ್ಕುವ ಮೊದಲು ಹುಡುಗ ಹುಡುಗಿಯರು ಬರೆಯುವ ಪರೀಕ್ಷೆ ಎಂದೇ ಇದನ್ನು ನಾವೆಲ್ಲ ತಿಳಿದಿದ್ದೆವು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ತಿಳಿವಳಿಕೆಯನ್ನು ಬುಡಮೇಲು ಮಾಡಿತು. ಒಂದರಿಂದ ಎಂಟನೆಯ ತರಗತಿಗೆ ಪಾಠ ಮಾಡುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಇದರಲ್ಲಿ ತೇರ್ಗಡೆಯಾಗಬೇಕು ಎಂದಿತು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಸೇವೆಯಲ್ಲಿ ಮುಂದುವರಿಯಬಹುದು, ಆದರೆ ಬಡ್ತಿ ಬೇಕಿದ್ದರೆ ಅವರೂ ಬರೆಯಬೇಕು. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಸ್ಟಾಫ್ ರೂಮಿನಲ್ಲಿ ಸಾಕಷ್ಟು ಆಗಿದೆ. ನನ್ನ ವಿಷಯ ಆ ಟೀಚರ್ ಕೈಯಲ್ಲಿದ್ದ ಇಪ್ಪತ್ತೆಂಟು ಗಂಟೆ.

ಗೈಡನ್ನು ಮೊದಲ ಪುಟದಿಂದ ಓದಿ ಮುಗಿಸುವುದು ಅವರ ಯೋಚನೆಯಾಗಿತ್ತು. ದಿನಕ್ಕೆ ಇಪ್ಪತ್ತೈದು ಪುಟದಂತೆ ಇಪ್ಪತ್ತೆಂಟು ದಿನಕ್ಕೆ ಏಳುನೂರು ಪುಟ, ಲೆಕ್ಕ ಸರಿಯಾಗಿಯೇ ಇತ್ತು. ಗೈಡನ್ನು ಸದ್ಯಕ್ಕೆ ತೊಟ್ಟೆಯೊಳಗೇ ಇಡಿ ಎಂದೆ. ಹಳೆಯ ಪ್ರಶ್ನೆಪತ್ರಿಕೆ ಎರಡು ವರ್ಷದ್ದು, ಇಲಾಖೆ ಪ್ರಕಟಿಸಿದ ಕೀ ಉತ್ತರ ಸಹಿತ ತನ್ನಿ, ಒಂದನ್ನು ಮಾತ್ರ ಬಿಡಿಸಿ, ಇನ್ನೊಂದನ್ನು ಕಣ್ಣೆತ್ತಿಯೂ ನೋಡದೆ ಕಪಾಟಿನಲ್ಲಿಡಿ. ಆ ಎರಡನೆಯದು ಏಕೆಂದು ಆಮೇಲೆ ಹೇಳುತ್ತೇನೆ.

ಆರರಿಂದ ಎಂಟನೆಯ ತರಗತಿಯವರ ಎರಡನೆಯ ಪತ್ರಿಕೆಯಲ್ಲಿ 150 ಪ್ರಶ್ನೆ, 150 ಅಂಕ, 150 ನಿಮಿಷ. ಕನ್ನಡ 30, ಇಂಗ್ಲಿಷ್ 30, ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರ 30, ಸಮಾಜ ವಿಜ್ಞಾನ 60. ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ ಶೇಕಡ 60, ಅಂದರೆ 90 ಅಂಕ ಬೇಕು. ಪ್ರಶ್ನೆಗೊಂದು ನಿಮಿಷ ಎಂಬ ಈ ಲೆಕ್ಕ ದಿನಕ್ಕೆ ಒಂದೇ ಗಂಟೆ ಇರುವವರಿಗೆ ಅನುಕೂಲದ್ದು. ಎರಡೂವರೆ ಗಂಟೆಯ ಪತ್ರಿಕೆಯನ್ನು ಒಂದೇ ಕೂತಿನಲ್ಲಿ ಬರೆಯಲಾಗದು, ನಿಜ. ಆದರೆ ಒಂದು ದಿನ ಭಾಷೆಗಳ 60 ಪ್ರಶ್ನೆ, ಮರುದಿನ ಸಮಾಜದ 60, ಮೂರನೆಯ ದಿನ ಬೋಧನಾ ಶಾಸ್ತ್ರದ 30 ಎಂದು ಮೂರು ತುಂಡು ಮಾಡಿದರೆ ಪರೀಕ್ಷೆಯ ಓಟ ಕೆಡುವುದಿಲ್ಲ, ಮೂರನೆಯ ದಿನ ಅರ್ಧ ಗಂಟೆ ಉಳಿಯುತ್ತದೆ ಕೂಡ.

ಮೊದಲ ಮೂರು ದಿನ ಓದದೆ ಪರೀಕ್ಷೆ ಬರೆಯುವುದೆಂದರೆ ಯಾರಿಗೂ ಹಿಡಿಸುವುದಿಲ್ಲ. "ಓದದೆ ಬರೆದರೆ ಗೊತ್ತಿಲ್ಲ ಎಂದೇ ಗೊತ್ತಾಗ್ತದಷ್ಟೆ" ಎಂದರು. ಅದಕ್ಕೆ ಒಂದು ಸಣ್ಣ ಕೆಲಸ ಸೇರಿಸಿದೆ. ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಿ. ಖಂಡಿತ ಎಂದು ಅನಿಸಿದರೆ ಗೆರೆ, ಅಂದಾಜಿಗೆ ಹೊಡೆದದ್ದಾದರೆ ಸೊನ್ನೆ. ಕೀ ಉತ್ತರ ನೋಡುವ ಮೊದಲೇ ಹಾಕಬೇಕು, ನೋಡಿದ ಮೇಲೆ ಎಲ್ಲವೂ "ಗೊತ್ತಿತ್ತು" ಆಗಿಬಿಡುತ್ತದೆ.

ಮೂರನೆಯ ದಿನ ಸಿಕ್ಕಿದ ಅಂಕ: ಕನ್ನಡ 23, ಇಂಗ್ಲಿಷ್ 14, ಬೋಧನಾ ಶಾಸ್ತ್ರ 13, ಸಮಾಜ 32. ಒಟ್ಟು 82. ಎಂಟು ಅಂಕ ಕಡಿಮೆ. ಗುರುತುಗಳು ಹೇಳಿದ್ದು ಬೇರೆಯೇ ಕತೆ. ಗೆರೆ ಹಾಕಿದ್ದು 88 ಪ್ರಶ್ನೆಗೆ, ಅವುಗಳಲ್ಲಿ ಸರಿ 63, ತಪ್ಪು 25. ಸೊನ್ನೆ ಹಾಕಿದ್ದು 62ಕ್ಕೆ, ಅವುಗಳಲ್ಲಿ ಸರಿ 19. ಅಂದರೆ 82ರಲ್ಲಿ 19 ಅಂಕ ಅದೃಷ್ಟದ್ದು, ಮುಂದಿನ ಸಲ ಬಂದರೆ ಬಂತು. ಅವರದೇ ಎನ್ನಬಹುದಾದ ಅಂಕ 63. ಈ ಪರೀಕ್ಷೆಗೆ 28 ಗಂಟೆ ಸಾಕೋ ಸಾಲದೋ ಎಂಬುದನ್ನು ನಾನು ಈ ಗೆರೆ ಹಾಕಿದ ಅಂಕದಿಂದ ಅಳೆಯುತ್ತೇನೆ. ಅದು 40ರ ಹತ್ತಿರವಿದ್ದಿದ್ದರೆ, ಈ ಸಲದ್ದನ್ನು ಬರೆದು ಬನ್ನಿ, ಆದರೆ ತಯಾರಿ ಮುಂದಿನ ಸಲಕ್ಕೆ ಎಂದು ನೇರವಾಗಿ ಹೇಳಿಬಿಡುತ್ತಿದ್ದೆ. ಎಷ್ಟು ಸಲ ಬರೆಯಬಹುದೆಂಬುದಕ್ಕೆ ಮಿತಿಯಿಲ್ಲ.

ಗೊತ್ತಿಲ್ಲದ ಪ್ರಶ್ನೆಗಳಿಗಿಂತ ಖಂಡಿತ ಗೊತ್ತು ಎಂದುಕೊಂಡು ತಪ್ಪಿದ ಆ 25 ಪ್ರಶ್ನೆ ನನಗೆ ಬೆಲೆಬಾಳುವವು. ಗೊತ್ತಿಲ್ಲದ್ದನ್ನು ಮನುಷ್ಯ ಹೇಗಾದರೂ ಓದುತ್ತಾನೆ. ಗೊತ್ತಿದೆ ಎಂದುಕೊಂಡದ್ದರ ಪುಟವನ್ನು ಹಾರಿಸಿಬಿಡುತ್ತಾನೆ, ಎಷ್ಟು ವಾರ ಓದಿದರೂ ಆ ತಪ್ಪು ಅಲ್ಲೇ ಕೂತಿರುತ್ತದೆ. ಇಬ್ಬರೂ ಕೂತು ಒಂದೊಂದನ್ನೂ ನೋಡಿದೆವು. ಆರು ಪ್ರಶ್ನೆಗಳಲ್ಲಿ ವಿಷಯ ಗೊತ್ತಿತ್ತು, "ಇವುಗಳಲ್ಲಿ ಸರಿಯಲ್ಲದ್ದು" ಎಂಬುದರ "ಅಲ್ಲ" ಕಣ್ಣು ತಪ್ಪಿತ್ತು. ಅದಕ್ಕೆ ಓದು ಬೇಡ, "ಅಲ್ಲ" ಕಂಡಲ್ಲಿ ಸುತ್ತ ಒಂದು ಗೀಟು ಹಾಕುವ ಅಭ್ಯಾಸ ಸಾಕು. ಉಳಿದವುಗಳಲ್ಲಿ ಒಂಬತ್ತು ಬೋಧನಾ ಶಾಸ್ತ್ರದವು.

ಇಪ್ಪತ್ತು ವರ್ಷ ಪಾಠ ಮಾಡಿದವರು ಪಾಠ ಮಾಡುವ ಶಾಸ್ತ್ರದಲ್ಲೇ ಮೂವತ್ತಕ್ಕೆ ಹದಿಮೂರು! ಅವರಿಗೆ ನಾಚಿಕೆ, ನನಗೆ ಆಶ್ಚರ್ಯವಾಗಲಿಲ್ಲ. ಒಂದು ಪ್ರಶ್ನೆ ಹೀಗಿತ್ತೆನ್ನಿ: ಹೋಮ್‌ವರ್ಕ್ ಪೂರ್ತಿ ಮಾಡಿದವರು ಇಂದು ತರಗತಿ ಗುಡಿಸಬೇಕಾಗಿಲ್ಲ ಎಂದು ಶಿಕ್ಷಕಿ ಹೇಳುತ್ತಾರೆ, ಇದು ಏನು? ನಮ್ಮ ಟೀಚರ್ ಇದನ್ನು ಬಹುಮಾನ ಎಂದುಕೊಂಡು ಧನಾತ್ಮಕ ಪುನರ್ಬಲನಕ್ಕೆ ಗೆರೆ ಹೊಡೆದಿದ್ದರು. ಉತ್ತರ ಋಣಾತ್ಮಕ ಪುನರ್ಬಲನ. ಮಗುವಿಗೆ ಬೇಡವಾದ ಒಂದನ್ನು ತೆಗೆದುಹಾಕಿ ಒಳ್ಳೆಯ ನಡತೆಯನ್ನು ಬಲಪಡಿಸುವುದಕ್ಕೆ ಸ್ಕಿನ್ನರ್ ಪರಂಪರೆಯವರು ಇಟ್ಟ ಹೆಸರದು. "ಋಣಾತ್ಮಕ" ಎಂದರೆ ಕೆಟ್ಟದ್ದು ಎಂದಲ್ಲ, ಕಳೆಯುವುದು ಎಂದಷ್ಟೆ. ಶಿಕ್ಷೆಯಾಗಿದ್ದರೆ ನಡತೆ ಕಡಿಮೆಯಾಗಬೇಕಿತ್ತು, ಇಲ್ಲಿ ಹೆಚ್ಚಾಗುತ್ತದೆ. ತಮ್ಮ ತರಗತಿಯಲ್ಲಿ ಅವರು ಇದನ್ನೇ ನೂರು ಸಲ ಮಾಡಿದ್ದಾರೆ, ಹೆಸರು ಇಟ್ಟಿರಲಿಲ್ಲ. ಕೇಳುವುದು ಹೆಸರನ್ನು. ಅನುಭವ ಇದ್ದವರು ಈ ಭಾಗದಲ್ಲಿ ಎಡವುವುದು ಹೀಗೆಯೇ, ತಾವು ಮಾಡುವುದನ್ನು ಉತ್ತರವಾಗಿ ಬರೆಯುತ್ತಾರೆ.

ಇನ್ನು ಗಂಟೆಗಳನ್ನು ಹಂಚಬೇಕು. ಅವರಿಗೆ ಕಂಡ ದಾರಿ, ಹೆಚ್ಚು ಅಂಕ ಹೋದಲ್ಲಿ ಹೆಚ್ಚು ಗಂಟೆ. ಹಾಗಾದರೆ 28 ಅಂಕ ಕಳೆದುಕೊಂಡ ಸಮಾಜಕ್ಕೆ ಸಿಂಹಪಾಲು. ನಾನು ಒಪ್ಪಲಿಲ್ಲ. ಹೋದ ಅಂಕ ಎಷ್ಟು ಎಂಬುದರ ಜೊತೆಗೆ, ಒಂದು ಗಂಟೆಗೆ ಎಷ್ಟು ಅಂಕ ಹಿಂದೆ ಬರುತ್ತದೆ ಎಂದೂ ಕೇಳಬೇಕು. ಸಮಾಜದ ತಪ್ಪುಗಳು ಸಿಂಧೂ ಬಯಲಿನಿಂದ ಹಿಡಿದು ಬ್ಯಾಂಕಿನ ಬಡ್ಡಿಯವರೆಗೆ ಚೆದುರಿ ಬಿದ್ದಿದ್ದವು. ಒಂದು ಗಂಟೆ ಓದಿದರೆ ಒಂದು ಅಂಕ ಬಂದೀತು, ಬಾರದೆಯೂ ಇದ್ದೀತು. ಬೋಧನಾ ಶಾಸ್ತ್ರದ ಹೊಲ ಸಣ್ಣದು. ಪಿಯಾಜೆ, ವೈಗೋಟ್ಸ್ಕಿ, ಕೋಲ್ಬರ್ಗ್, ಸ್ಕಿನ್ನರ್, ಬೆಳವಣಿಗೆಗೂ ವಿಕಾಸಕ್ಕೂ ಇರುವ ವ್ಯತ್ಯಾಸ, ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನ, ವಿಶೇಷ ಅಗತ್ಯವುಳ್ಳ ಮಕ್ಕಳು, ಹೀಗೆ ಹತ್ತು ಹದಿನೈದು ವಿಷಯಗಳು ವರ್ಷ ವರ್ಷ ವೇಷ ಬದಲಿಸಿ ಬರುತ್ತವೆ. ಇಂಗ್ಲಿಷ್‌ನಲ್ಲಿ ಗದ್ಯಭಾಗ ಓದಿ ಉತ್ತರಿಸುವ ಶಕ್ತಿ ನಾಲ್ಕು ವಾರದಲ್ಲಿ ಬೆಳೆಯದು. ಭಾಷೆ ಕಲಿಸುವ ವಿಧಾನದ ಪ್ರಶ್ನೆಗಳು ಮತ್ತು ಒಂದಿಷ್ಟು ವ್ಯಾಕರಣ ಕೈಗೆ ಸಿಗುತ್ತವೆ.

ಪರೀಕ್ಷೆ ಬರೆದ ಮೊದಲ ಮೂರು ದಿನ, ಕೊನೆಯ ವಾರ, ಮತ್ತು ಮೊದಲ ಮೂರು ವಾರಗಳಲ್ಲಿ ವಾರಕ್ಕೊಂದರಂತೆ ಖಾಲಿ ಬಿಟ್ಟ ದಿನ, ಇವಿಷ್ಟು ಕಳೆದರೆ ಹೊಸದು ಕಲಿಯಲು ಉಳಿದದ್ದು ಹದಿನೈದೇ ಗಂಟೆ. ಇಪ್ಪತ್ತೆಂಟರಲ್ಲಿ ಹದಿನೈದು ಎಂದಾಗ ಟೀಚರ ಮುಖ ಸಣ್ಣದಾಯಿತು. ಬೋಧನಾ ಶಾಸ್ತ್ರಕ್ಕೆ ಆರು, ಇಂಗ್ಲಿಷಿಗೆ ನಾಲ್ಕು, ಕನ್ನಡಕ್ಕೆ ಒಂದು ಕೊಟ್ಟೆವು. ಸಮಾಜಕ್ಕೆ ನಾಲ್ಕು, ಅದೂ ಎರಡೇ ತುಂಡಿಗೆ: ಸಂವಿಧಾನ, ಮತ್ತು ಅಕ್ಷಾಂಶ ರೇಖಾಂಶದ ಲೆಕ್ಕ. ಅವರ ಪ್ರೀತಿಯ ವಿಜಯನಗರಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ಅದರಲ್ಲಿ ಅವರು ಒಂದೂ ತಪ್ಪು ಮಾಡಿರಲಿಲ್ಲ, ಆದರೂ ಗೈಡಿನಲ್ಲಿ ಅತಿ ಹೆಚ್ಚು ಹಳದಿ ಗೆರೆ ಇದ್ದದ್ದು ಆ ಅಧ್ಯಾಯಕ್ಕೇ.

ಆ ಹಳದಿ ಗೆರೆಯ ವಿಷಯ. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಯವಾಗುತ್ತವೆ, ಪರಿಚಯವನ್ನು ನಾವು ನೆನಪು ಎಂದುಕೊಳ್ಳುತ್ತೇವೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನು ಅಳೆದು ತೋರಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು, ಕೆಲವರು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದವರೇ ಮುಂದು, ಶೇಕಡ 81ಕ್ಕೆ 75. ಒಂದು ವಾರದ ಬಳಿಕ ಕೇಳಿದಾಗ ಓದಿದವರಿಗೆ ಉಳಿದದ್ದು 42, ಮುಚ್ಚಿಟ್ಟು ಬರೆದವರಿಗೆ 56. ಓದಿದ ಕೂಡಲೇ ಸಿಗುವ ಖುಷಿಯನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ನನಗೆ ಗೊತ್ತಿಲ್ಲ.

ರಾಮಕುಂಜದವರಿಗೆ ಇದನ್ನು ಅಮೆರಿಕದಿಂದ ತರಿಸಿ ಹೇಳಬೇಕಾಗಿಲ್ಲ ಕೂಡ. ಪೇಜಾವರದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ ಈ ಊರಿನಲ್ಲಿ ಸಂಸ್ಕೃತ ಪಾಠದ ಬಳಕೆ ಹಳತು. ಅಲ್ಲಿ ನಿನ್ನೆ ಹೇಳಿಸಿಕೊಂಡದ್ದನ್ನು ಇಂದು ಪುಸ್ತಕವಿಲ್ಲದೆ ಒಪ್ಪಿಸಿದ ಮೇಲೆಯೇ ಹೊಸ ಪಾಠ. ನಾವು ಮಗ್ಗಿ ಒಪ್ಪಿಸಿದ್ದೂ ಹೀಗೆಯೇ. "ಓದಿದ್ದೀಯಾ" ಎಂದು ಯಾವ ಅಜ್ಜನೂ ಕೇಳುತ್ತಿರಲಿಲ್ಲ, "ಒಪ್ಪಿಸು" ಎನ್ನುತ್ತಿದ್ದರು. ಅರ್ಥ ತಿಳಿಯದೆ ಬಾಯಿಪಾಠ ಮಾಡಿಸಿದರೆಂದು ನಾನೂ ದೂರಿದವನೇ. ಒಪ್ಪಿಸುವುದನ್ನು ಬಿಟ್ಟು ಬರೀ ಓದಿಸುವುದನ್ನು ಇಟ್ಟುಕೊಂಡದ್ದು ಮಾತ್ರ ಲಾಭದ ವ್ಯಾಪಾರವಲ್ಲ.

ಹಾಗಾಗಿ ಟೀಚರ ಗಂಟೆಯನ್ನು ಹೀಗೆ ಒಡೆದೆವು. ಮೊದಲ ಹತ್ತು ನಿಮಿಷ ಹಿಂದಿನದನ್ನು ಒಪ್ಪಿಸುವುದು. ನಡುವಿನ ಮೂವತ್ತೈದು ನಿಮಿಷ ಹೊಸ ಪಾಠ, ಗೈಡಿನ ಏಳೆಂಟು ಪುಟ ಮೀರದಂತೆ. ಕೊನೆಯ ಹದಿನೈದು ನಿಮಿಷ ಗೈಡು ಮುಚ್ಚಿ, ಈಗಷ್ಟೇ ಓದಿದ್ದರ ಮೇಲೆ ಹಳೆಯ ಪ್ರಶ್ನೆಗಳು ಮತ್ತು ಚೀಟಿ ಬರೆಯುವುದು. ಗಂಟೆ ಯಾವುದೆಂದು ಅವರೇ ಕಂಡುಕೊಂಡರು. ರಾತ್ರಿ ಒಂಬತ್ತೂವರೆಗೆ ಕೂತ ಎರಡು ದಿನವೂ ಗೈಡಿನ ಮೇಲೆ ತಲೆಯಿಟ್ಟು ನಿದ್ರೆ. ಆಮೇಲೆ ಬೆಳಗ್ಗೆ ಐದರಿಂದ ಆರು, ಹಾಲು ಕರೆಯುವ ಮೊದಲು.

ಚೀಟಿಗೆ ಮನೆಯಲ್ಲಿ ರಾಶಿ ಬಿದ್ದಿದ್ದ ಮದುವೆ ಕಾಗದಗಳನ್ನು ಕತ್ತರಿಸಿದರು. ಗಟ್ಟಿ ಕಾಗದ, ಹಿಂಬದಿ ಖಾಲಿ. ಮೊದಲ ದಿನ ಬರೆದ ಚೀಟಿಗಳನ್ನು ತಂದು ತೋರಿಸಿದಾಗ ಎಂಟರಲ್ಲಿ ಆರನ್ನು ಹರಿಯಬೇಕಾಯಿತು. ಒಂದರಲ್ಲಿ "ಸಮೀಪ ವಿಕಾಸ ವಲಯ ಎಂದರೇನು?" ಎಂದಿತ್ತು. ಟಿಇಟಿಯಲ್ಲಿ ಬರೀ ವ್ಯಾಖ್ಯೆ ಕೇಳುವುದಿಲ್ಲ, ಸನ್ನಿವೇಶವನ್ನೂ ಕೊಡುತ್ತಾರೆ. ಚೀಟಿಯೂ ಹಾಗೇ ಇರಬೇಕು. "ಒಬ್ಬಳೇ ಭಾಗಾಕಾರ ಮಾಡಲಾರಳು, ಅಕ್ಕ ಮೊದಲ ಹೆಜ್ಜೆ ಹೇಳಿಕೊಟ್ಟರೆ ಮಾಡುತ್ತಾಳೆ. ಯಾರ ಯಾವ ಕಲ್ಪನೆ?" ಎಂದು ಬರೆಯಿಸಿದೆ. ಹಿಂಬದಿಯಲ್ಲಿ ವೈಗೋಟ್ಸ್ಕಿ, ಸಮೀಪ ವಿಕಾಸ ವಲಯ. ಒಂದಕ್ಕೊಂದು ಗೊಂದಲವಾಗುವ ಜೋಡಿಗಳನ್ನು ಒಂದೇ ದಿನ ಬರೆಯಬೇಕು, ಋಣಾತ್ಮಕ ಪುನರ್ಬಲನದ ಸನ್ನಿವೇಶ ಒಂದು ಚೀಟಿಯಲ್ಲಾದರೆ ಶಿಕ್ಷೆಯ ಸನ್ನಿವೇಶ ಮುಂದಿನದರಲ್ಲಿ. ಬೇರೆ ಬೇರೆ ದಿನ ಬರೆದರೆ ಎರಡೂ ಸುಲಭವೆನಿಸುತ್ತವೆ, ಪರೀಕ್ಷೆಯಲ್ಲಿ ಅಕ್ಕಪಕ್ಕ ಬಂದಾಗ ಕೈ ನಡುಗುತ್ತದೆ.

ದಿನಕ್ಕೆ ಎಂಟು ಚೀಟಿ, ಹೆಚ್ಚಿಲ್ಲ. ಮೂರು ಲಕೋಟೆ. ಹೊಸ ಚೀಟಿ ಮೊದಲ ಲಕೋಟೆಗೆ, ಅದನ್ನು ದಿನವೂ ಬಿಡಿಸುವುದು. ಸರಿ ಹೇಳಿದ ಚೀಟಿ ಎರಡನೆಯದಕ್ಕೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರನೆಯದಕ್ಕೆ, ಅದು ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಮರಳಿ ಮೊದಲ ಲಕೋಟೆಗೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1972ರ ತನ್ನ ಪುಸ್ತಕದಲ್ಲಿ ಹೇಳಿದ ಪೆಟ್ಟಿಗೆಯ ಉಪಾಯ ಇದು. ಅವನ ಪೆಟ್ಟಿಗೆಗೆ ಖಾನೆ ಹೆಚ್ಚು, ನಾಲ್ಕು ವಾರಕ್ಕೆ ಮೂರು ಸಾಕು. ಚೀಟಿಯೊಂದಕ್ಕೆ ಇಪ್ಪತ್ತು ಸೆಕೆಂಡಿನಂತೆ ಹತ್ತು ನಿಮಿಷಕ್ಕೆ ಮೂವತ್ತು ಚೀಟಿ ಮುಗಿಯುತ್ತದೆ. ಮೊದಲ ಲಕೋಟೆಯಲ್ಲಿ ಚೀಟಿ ಇಪ್ಪತ್ತು ದಾಟಿತೆಂದರೆ ಅದೊಂದು ಸೂಚನೆ: ಮುಂದೆ ಓಡುತ್ತಿದ್ದೀರಿ, ಹಿಂದಿನದು ನಿಂತಿಲ್ಲ. ಆ ದಿನ ಹೊಸ ಪಾಠ ಬೇಡ.

ಉಪ್ಪಿನಂಗಡಿ ಕಡಬ ದಾರಿಯ ಬಸ್ಸಿನಲ್ಲೂ ಚೀಟಿ ನೋಡಬಹುದಲ್ಲ ಎಂದು ಅವರೇ ಹೊರಟರು. ನಿಂತು ಹೋಗುವ ಬಸ್ಸು, ಆ ತಿರುವುಗಳು, ಎರಡನೆಯ ದಿನಕ್ಕೆ ತಲೆಸುತ್ತು. ನಾನು ಆ ಹೊತ್ತನ್ನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ.

ಎರಡನೆಯ ವಾರ ಯೋಜನೆ ತಪ್ಪಿತು. ತಪ್ಪದಿದ್ದರೆ ಅದು ನಮ್ಮ ಊರಿನ ಯೋಜನೆಯೇ ಅಲ್ಲ. ತವರುಮನೆಯಲ್ಲಿ ನೇಮ, ಗುರುವಾರ ಶುಕ್ರವಾರ ಎರಡೂ ದಿನ ಬೆಳಗಿನ ಗಂಟೆ ಹೋಯಿತು. ಶನಿವಾರ ಬೆಳಗ್ಗೆ ಫೋನು. "ಇವತ್ತು ಮೂರು ಗಂಟೆ ಕೂತ್ಕೊಳ್ತೇನೆ ಮಾಷ್ಟ್ರೇ, ಎಲ್ಲ ಸರಿ ಮಾಡ್ತೇನೆ." ಬೇಡ ಎಂದೆ. ಮೂರು ಗಂಟೆ ಕೂತವರು ಮರುದಿನ ಏಳುವುದಿಲ್ಲ, ಎರಡು ದಿನದ ಸಾಲ ನಾಲ್ಕು ದಿನದ್ದಾಗುತ್ತದೆ. ಭಾನುವಾರ ಖಾಲಿ ಬಿಟ್ಟದ್ದು ಇದಕ್ಕೇ, ಅದು ಒಂದು ಗಂಟೆಯನ್ನು ತುಂಬಿಕೊಟ್ಟಿತು. ಇನ್ನೊಂದನ್ನು ಬಿಟ್ಟುಬಿಟ್ಟೆವು. ಏನನ್ನು ಬಿಡುವುದೆಂದು ಯೋಚಿಸಬೇಕಾಗಿರಲಿಲ್ಲ, ಗಂಟೆಗೆ ಅತಿ ಕಡಿಮೆ ಅಂಕ ಕೊಡುವುದು ಯಾವುದೆಂದು ಮೊದಲೇ ಬರೆದಿಟ್ಟಿದ್ದೆವು. ಸಮಾಜದ ಒಂದು ಗಂಟೆ ಹೋಯಿತು. ಸಮಾಜ ಟೀಚರಿಗೆ ಅದು ನುಂಗಲಾರದ ತುತ್ತು. ಆದರೆ ಶನಿವಾರದ ಮೊದಲ ಹತ್ತು ನಿಮಿಷ ಇಪ್ಪತ್ತಾಯಿತು, ಏಕೆಂದರೆ ಎರಡು ದಿನ ಮುಟ್ಟದ ಚೀಟಿಗಳಲ್ಲಿ ಏಳು ಮರೆತುಹೋಗಿದ್ದವು. ಬಿಟ್ಟ ದಿನಗಳ ನಂತರ ಮೊದಲು ಹಳೆಯದು, ಆಮೇಲೆ ಹೊಸದು.

ಮೂರನೆಯ ವಾರ ಹೇಳುವಂಥದ್ದೇನೂ ಆಗಲಿಲ್ಲ, ಆಗಬಾರದು ಕೂಡ.

ಇಪ್ಪತ್ತೆರಡನೆಯ ದಿನ ಕಪಾಟಿನಿಂದ ಎರಡನೆಯ ಪ್ರಶ್ನೆಪತ್ರಿಕೆ ಹೊರಬಂತು. ಇದನ್ನು ಅಲ್ಲಿಯವರೆಗೆ ಮುಟ್ಟಬೇಡಿ ಎಂದದ್ದಕ್ಕೆ ಕಾರಣ ಇಷ್ಟೆ. ಮೊದಲ ಪತ್ರಿಕೆಯನ್ನೇ ಮತ್ತೆ ಬರೆದರೆ 120 ಬರುತ್ತದೆ, ಆ ಅಂಕ ಏನನ್ನೂ ಹೇಳುವುದಿಲ್ಲ. ಈ ಸಲ ಓಎಂಆರ್ ಹಾಳೆಯ ಜೆರಾಕ್ಸ್ ಪ್ರತಿಯಲ್ಲಿ ಬಾಲ್‌ಪೆನ್ನಿನಿಂದ ವೃತ್ತ ತುಂಬಿಸಿ ಎಂದೆ. ಅದು ನಾನು ಮೊದಲೇ ಹೇಳಬೇಕಾಗಿದ್ದ ಮಾತು, ಮರೆತಿದ್ದೆ. ಒಂದು ವೃತ್ತ ತುಂಬಿಸಲು ಆರೇಳು ಸೆಕೆಂಡು ಹಿಡಿದರೂ 150ಕ್ಕೆ ಕಾಲು ಗಂಟೆಗೂ ಮಿಕ್ಕಿ ಬೇಕು. ಮೊದಲ ದಿನ 60ರಲ್ಲಿ 52ಕ್ಕೇ ಗಂಟೆ ಮುಗಿಯಿತು, ಮೇಲಾಗಿ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವರು ವೃತ್ತದ ಸಾಲು ಬಿಡಲು ಮರೆತು ಹನ್ನೊಂದು ಉತ್ತರ ಒಂದೊಂದು ಮನೆ ಮೇಲೆ ತುಂಬಿಸಿದ್ದರು. ಉತ್ತರ ಸರಿ, ಹಾಳೆಯ ಮೇಲೆ ತಪ್ಪು. ಮರುದಿನದಿಂದ ಬೇರೆ ಕ್ರಮ: ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಡುವುದೇ ಬೇಡ. ತಪ್ಪಿಗೆ ಅಂಕ ಕಳೆಯುವುದಿಲ್ಲವಲ್ಲ, ತೋಚಿದ್ದೊಂದನ್ನು ತುಂಬಿಸಿ ಮುಂದೆ ಹೋಗುವುದು. ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವುದು.

ಆ ಹನ್ನೊಂದನ್ನು ಸರಿಪಡಿಸಿ, ಉಳಿದ ಎಂಟನ್ನು ಕೂಡಲೇ ಮುಗಿಸಿ ಎಣಿಸಿದಾಗ ಕನ್ನಡ 24, ಇಂಗ್ಲಿಷ್ 18, ಬೋಧನಾ ಶಾಸ್ತ್ರ 22, ಸಮಾಜ 36. ಒಟ್ಟು 100. ಟೀಚರ್ ನೂರನ್ನು ನೋಡಿ ನಕ್ಕರು. ನಾನು ಗುರುತುಗಳನ್ನು ನೋಡಿದೆ. ಗೆರೆ ಹಾಕಿದ್ದು 97ಕ್ಕೆ, ಸರಿ 86, ತಪ್ಪು 11. ಸೊನ್ನೆ ಹಾಕಿದ್ದು 53ಕ್ಕೆ, ಸರಿ 14. ಅದೃಷ್ಟದ ಅಂಕ ಇಳಿದಿತ್ತು, ಅವರದೇ ಅಂಕ 63ರಿಂದ 86ಕ್ಕೆ ಬಂದಿತ್ತು. 90ಕ್ಕೆ ಇನ್ನೂ ನಾಲ್ಕು ಕಡಿಮೆ, ಆ ನಾಲ್ಕನ್ನು ಅಂದಾಜಿನಿಂದಲೇ ತರಬೇಕು. ನಾಲ್ಕು ಆಯ್ಕೆಯ ಪ್ರಶ್ನೆ ಐವತ್ತಿದ್ದರೆ ಕಣ್ಣುಮುಚ್ಚಿ ಹೊಡೆದರೂ ಹನ್ನೆರಡರ ಆಸುಪಾಸು ಬರುತ್ತದೆ, ಹಾಗಾಗಿ ಹೆದರಿಕೆಯ ಜಾಗದಲ್ಲಿ ಅವರಿಲ್ಲ. ಪತ್ರಿಕೆ ಕಷ್ಟದ್ದು ಬಂದರೆ ಐದಾರು ಅಂಕ ಇಳಿದೀತು ಎಂದೂ ಹೇಳಿದೆ.

ಉಳಿದ ದಿನಗಳಲ್ಲಿ ಹೊಸದೇನೂ ಇಲ್ಲ. ಎರಡು ದಿನ ಆ 11 ತಪ್ಪುಗಳ ಚೀಟಿ. ಇಪ್ಪತ್ತೇಳನೆಯ ದಿನ ಮೂರೂ ಲಕೋಟೆಯ ಚೀಟಿಗಳನ್ನು ಸುರಿದು, ಕಲೆಸಿ, ಒಂದೇ ಕೂತಿನಲ್ಲಿ ಒಪ್ಪಿಸಿದರು. ಕೇಳಿಸಿಕೊಂಡದ್ದು ಏಳನೆಯ ತರಗತಿಯ ಮಗಳು. ನಡುವೆ ಒಂದು ಚೀಟಿಗೆ ಅವಳು ಓದು ನಿಲ್ಲಿಸಿ ಅಮ್ಮನ ಮುಖ ನೋಡಿದಳಂತೆ. "ಹೋಮ್‌ವರ್ಕ್ ಮಾಡಿದವರು ಇಂದು ಗುಡಿಸಬೇಕಾಗಿಲ್ಲ" ಎಂಬ ಚೀಟಿ.

"ಅಮ್ಮ, ಇದು ನೀನು ನನಗೆ ದಿನಾ ಹೇಳುದಲ್ವಾ?"

ಆ ಚೀಟಿ ಒಂದು ವಾರದಿಂದ ಮೂರನೆಯ ಲಕೋಟೆಯಲ್ಲಿತ್ತು. ಆದರೂ ಅದೊಂದನ್ನು ಮತ್ತೆ ಮೊದಲ ಲಕೋಟೆಗೆ ಹಾಕಿದ್ದಾಗಿ ಟೀಚರ್ ಹೇಳಿದರು. ಮಗಳ ಮಾತಿಗೆ ನಗು ಬಂದು ಉತ್ತರ ಹೇಳಲು ಮರೆತಿದ್ದರಂತೆ.